ಮೊದಲು ನೊಂದವನ ಬಾಗಿಲಿಗೆ

ಯಹೂದಿಗಳ ಪಂಚಾಂಗದಲ್ಲಿಯೂ ತಿಂಗಳುಗಳು ಚಂದ್ರನನ್ನು ಅನುಸರಿಸುತ್ತವೆ, ಋತುಗಳಿಗೆ ಹೊಂದಿಸಿಕೊಳ್ಳಲು ನಮ್ಮಂತೆಯೇ ಅಧಿಕಮಾಸ ಬರುತ್ತದೆ. ತಿಶ್ರಿ ತಿಂಗಳ ಮೊದಲ ದಿನ ಅವರಿಗೆ ಹೊಸವರ್ಷ. ಹತ್ತನೆಯ ದಿನ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಸಂಜೆ ಸೂರ್ಯ ಮುಳುಗುವ ಮುಂಚೆ ತೊಡಗಿ ಮರುದಿನ ನಕ್ಷತ್ರ ಮೂಡುವವರೆಗೆ, ಸುಮಾರು 25 ಗಂಟೆ, ಅನ್ನವೂ ಇಲ್ಲ, ನೀರೂ ಇಲ್ಲ. ಸ್ನಾನ ಮಾಡುವಂತಿಲ್ಲ, ಮೈಗೆ ಎಣ್ಣೆ ಹಚ್ಚುವಂತಿಲ್ಲ, ಚರ್ಮದ ಪಾದರಕ್ಷೆ ತೊಡುವಂತಿಲ್ಲ, ದಂಪತಿಗಳು ಕೂಡುವಂತಿಲ್ಲ. ಆದರೆ ಉಪವಾಸದಿಂದ ಪ್ರಾಣಕ್ಕೆ ಅಪಾಯವಿರುವ ರೋಗಿ ಅಂದು ಉಣ್ಣಲೇಬೇಕು; ಅದೂ ಧರ್ಮದ ಕಟ್ಟಳೆಯೇ.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡುವ ತನಕ ಈ ದಿನದ ಕೇಂದ್ರದಲ್ಲಿ ಮಹಾಯಾಜಕನ ಬಲಿವಿಧಿಗಳಿದ್ದವು. ಎರಡು ಹೋತಗಳಲ್ಲಿ ಒಂದನ್ನು ಬಲಿಕೊಟ್ಟು, ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೇಳಿ ಅದನ್ನು ಮರುಭೂಮಿಗೆ ಅಟ್ಟುತ್ತಿದ್ದರು. ದೇವಾಲಯ ಹೋದಮೇಲೆ ಉಳಿದದ್ದು ಪ್ರಾರ್ಥನೆ, ಉಪವಾಸ ಮತ್ತು ‘ತೆಶುವಾ’. ಪಶ್ಚಾತ್ತಾಪ ಎಂದು ಅನುವಾದಿಸುವುದುಂಟು, ಆದರೆ ಆ ಹೀಬ್ರೂ ಪದದ ನೇರ ಅರ್ಥ ‘ಹಿಂತಿರುಗುವುದು’. ದಾರಿ ತಪ್ಪಿದವನು ಮರಳಿ ಬರುವುದು. ನನಗೆ ಈ ಅರ್ಥವೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಇಲ್ಲಿ ಮನಸ್ಸಿನ ನೋವಿಗಿಂತ ಕಾಲಿನ ನಡಿಗೆಗೆ ಹೆಚ್ಚು ಬೆಲೆ.

ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯಹೂದಿ ಧರ್ಮನಿಯಮಗಳ ಗ್ರಂಥ ‘ಮಿಶ್ನಾ’ ಒಂದು ಗೆರೆ ಎಳೆಯುತ್ತದೆ. ಮನುಷ್ಯ ದೇವರಿಗೆ ಮಾಡಿದ ತಪ್ಪನ್ನು ಯೋಮ್ ಕಿಪ್ಪುರ್ ಕಳೆಯುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ್ದನ್ನು, ಆ ಮನುಷ್ಯನನ್ನು ಸಮಾಧಾನಪಡಿಸುವ ತನಕ ಕಳೆಯುವುದಿಲ್ಲ. ಇಡೀ ದಿನ ಎದೆ ಬಡಿದುಕೊಂಡು ಪ್ರಾರ್ಥಿಸಿದರೂ ನೆರೆಯವನ ಲೆಕ್ಕ ಹಾಗೆಯೇ ಉಳಿದಿರುತ್ತದೆ. ಹಬ್ಬದ ಹಿಂದಿನ ದಿನಗಳಲ್ಲಿ ಯಹೂದಿಗಳು ಒಬ್ಬರ ಬಳಿಗೊಬ್ಬರು ಹೋಗಿ ಕ್ಷಮೆ ಕೇಳುವುದು ಇದಕ್ಕೇ.

ಒಂದು ಉದಾಹರಣೆ ನೋಡೋಣ. ಬೇಕರಿಯ ಇಬ್ಬರು ಪಾಲುದಾರರಲ್ಲಿ ಒಬ್ಬ ಗಲ್ಲಾಪೆಟ್ಟಿಗೆಯಿಂದ ವರ್ಷವಿಡೀ ಸ್ವಲ್ಪಸ್ವಲ್ಪವಾಗಿ 3,000 ಶೆಕೆಲ್ ತೆಗೆದಿದ್ದಾನೆ ಎನ್ನಿ. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಬರೆದ ನಿಯಮಗಳ ಪ್ರಕಾರ ಅವನು ಮೊದಲು ತೆಗೆಯುವುದನ್ನು ನಿಲ್ಲಿಸಬೇಕು, ಮಾಡಿದ್ದಕ್ಕೆ ಮರುಗಬೇಕು, ಇನ್ನು ಮಾಡೆನೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು, ತಪ್ಪನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು. ಹಣವನ್ನಂತೂ ಹಿಂದಿರುಗಿಸಲೇಬೇಕು. ತಪ್ಪನ್ನು ಬಿಡದೆ ಬಾಯಲ್ಲಿ ಮಾತ್ರ ಒಪ್ಪಿಕೊಳ್ಳುವವನು ಸತ್ತ ಹುಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಶುದ್ಧಿಸ್ನಾನಕ್ಕೆ ಇಳಿದವನಂತೆ ಎಂದು ಹಳೆಯ ಗುರುಗಳು ಹೇಳುತ್ತಿದ್ದರು. ಹಣ ಕೊಟ್ಟಮೇಲೂ ಮುಗಿಯಲಿಲ್ಲ: ಪಾಲುದಾರನ ನಂಬಿಕೆ ಮುರಿದಿದೆ, ಅದಕ್ಕೆ ಎದುರು ನಿಂತು ಕ್ಷಮೆ ಕೇಳಬೇಕು. ತೆಶುವಾ ಪೂರ್ಣವಾಯಿತೆಂದು ತಿಳಿಯುವುದು ಹೇಗೆ? ಅದೇ ಗಲ್ಲಾಪೆಟ್ಟಿಗೆ ತೆರೆದಿದ್ದು, ಹಣದ ಅಡಚಣೆಯೂ ಹಿಂದಿನಷ್ಟೇ ಇದ್ದು, ಯಾರೂ ನೋಡದಿದ್ದಾಗಲೂ ಅವನು ಮುಟ್ಟದಿದ್ದರೆ. ಸಿಕ್ಕಿಬೀಳುವ ಹೆದರಿಕೆಯಿಂದ ಸುಮ್ಮನಿದ್ದರೆ ಅದು ಪೂರ್ಣವಲ್ಲ.

ನೊಂದವನು ಮಣಿಯದಿದ್ದರೆ? ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಬೇಡಿಕೊಳ್ಳಬೇಕು, ಒಪ್ಪದಿದ್ದರೆ ಎರಡನೇ ಸಲ, ಮೂರನೇ ಸಲ. ಆಮೇಲೂ ಒಪ್ಪದಿದ್ದರೆ ಕೇಳಿದವನು ಹಿಂದೆ ಸರಿಯಬಹುದು. ಈಗ ತಪ್ಪಿನ ಭಾರ ನಿರಾಕರಿಸಿದವನ ಮೇಲೆ. ನೊಂದವನು ತನ್ನ ಗುರುವಾಗಿದ್ದರೆ ಮಾತ್ರ ಈ ಮಿತಿ ಇಲ್ಲ, ಸಾವಿರ ಸಲವಾದರೂ ಹೋಗಬೇಕು.

ಕೇಳಿಸಿಕೊಳ್ಳುವವನಿಗೂ ಹೀಗೆ ಕರ್ತವ್ಯವಿದೆ ಎಂಬುದಕ್ಕೆ ಮಿಶ್ನಾದ ಮೇಲಿನ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ಕಥೆಯಿದೆ. ಬಾಬಿಲೋನಿಯದ ಗುರು ರಾವ್ ಮತ್ತು ಒಬ್ಬ ಕಟುಕನ ನಡುವೆ ಏನೋ ಮನಸ್ತಾಪ, ನೊಂದದ್ದು ರಾವ್. ಯೋಮ್ ಕಿಪ್ಪುರ್ ಹಿಂದಿನ ದಿನವೂ ಕಟುಕ ಬರಲಿಲ್ಲ. ‘ನಾನೇ ಹೋಗಿ ಸಮಾಧಾನ ಮಾಡುತ್ತೇನೆ’ ಎಂದು ರಾವ್ ಹೊರಟರು. ದಾರಿಯಲ್ಲಿ ಸಿಕ್ಕ ಶಿಷ್ಯ ಹುನಾ, ಗುರುಗಳು ಒಬ್ಬನನ್ನು ಕೊಲ್ಲಲು ಹೊರಟಿದ್ದಾರೆ ಎಂದುಕೊಂಡ. ಕಟುಕ ಕುಳಿತು ಪ್ರಾಣಿಯ ತಲೆ ಒಡೆಯುತ್ತಿದ್ದ. ತಲೆಯೆತ್ತಿ ನೋಡಿ, ನಿನಗೂ ನನಗೂ ಏನೂ ಇಲ್ಲ, ಹೋಗು ಎಂದ. ಒಡೆಯುತ್ತಿದ್ದ ಎಲುಬಿನ ಚೂರು ಹಾರಿ ಕುತ್ತಿಗೆಗೆ ತಾಗಿತು, ಅವನು ಸತ್ತ. ಕಠಿಣ ಕಥೆ. ಅದರಲ್ಲಿ ನನ್ನನ್ನು ಹಿಡಿದಿಡುವುದು ಕಟುಕನ ಸಾವಲ್ಲ, ನೊಂದವನೇ ನಡೆದುಹೋಗಿ ಬಾಗಿಲಲ್ಲಿ ನಿಂತದ್ದು.

ನೊಂದವನು ತೀರಿಕೊಂಡಿದ್ದರೆ, ತಪ್ಪುಮಾಡಿದವನು ಹತ್ತು ಜನರನ್ನು ಸಮಾಧಿಯ ಬಳಿಗೆ ಕರೆದೊಯ್ದು ಅವರ ಮುಂದೆ ತಪ್ಪನ್ನು ಹೇಳಬೇಕು, ಸಾಲವಿದ್ದರೆ ವಾರಸುದಾರರಿಗೆ ಕೊಡಬೇಕು. ಆದರೆ ಕೊಲೆ ಮಾಡಿದವನನ್ನು ಸತ್ತವನ ಪರವಾಗಿ ಕ್ಷಮಿಸಲು ಬೇರೆ ಯಾರಿಗೂ ಅಧಿಕಾರವಿಲ್ಲ. ನಾತ್ಸಿ ಶಿಬಿರದ ಕೈದಿಯಾಗಿದ್ದ ಸೈಮನ್ ವೀಸೆಂಥಾಲ್ ತಮ್ಮ ‘ದಿ ಸನ್‌ಫ್ಲವರ್’ ಕೃತಿಯಲ್ಲಿ ಬರೆದದ್ದು ಇದರ ಬಗ್ಗೆಯೇ. ಯಹೂದಿಗಳನ್ನು ಕೊಂದ ಕೃತ್ಯದಲ್ಲಿ ಪಾಲ್ಗೊಂಡ ಒಬ್ಬ ಎಸ್ಎಸ್ ಸೈನಿಕ ಸಾಯುವ ಮುನ್ನ ಒಬ್ಬ ಯಹೂದಿಯ ಕ್ಷಮೆ ಬೇಕೆಂದು ಅವರನ್ನು ಹಾಸಿಗೆಯ ಬಳಿ ಕರೆಸಿಕೊಂಡ. ವೀಸೆಂಥಾಲ್ ಅವನ ಮಾತನ್ನು ಕೊನೆಯವರೆಗೂ ಕೇಳಿದರು. ಉತ್ತರ ಕೊಡದೆ ಕೋಣೆಯಿಂದ ಹೊರಗೆ ಬಂದರು.