ಕೊಳೆರೋಗ ಬಂದದ್ದು ಯಾವ ವರ್ಷ?

ಸಾಗರದ ಕಡೆ ತೋಟವಿರುವ ನನ್ನ ಭಾವ ಅಡಿಕೆ ಸುಲಿಯುವ ಯಂತ್ರ ತರುವ ಯೋಚನೆಯಲ್ಲಿದ್ದರು. ಕೊನೆಕೊಯ್ಲಿನ ಹೊತ್ತಿಗೆ ಮೆಟ್ಟುಗತ್ತಿಯ ಮುಂದೆ ಕೂರುವ ಜನ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ, ಸಿಕ್ಕರೂ ಕೂಲಿ ಏರುತ್ತಲೇ ಇದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಬರೆದಿಟ್ಟ ಲೆಕ್ಕ ಇದು: ಯಂತ್ರಕ್ಕೆ 4 ಲಕ್ಷ ರೂಪಾಯಿ. ಕರೆಂಟು, ರಿಪೇರಿ, ಯಂತ್ರ ನಡೆಸುವವನ ಸಂಬಳ ಎಲ್ಲ ಕಳೆದ ಮೇಲೆ ಸುಲಿತದ ಕೂಲಿಯಲ್ಲಿ ವರ್ಷಕ್ಕೆ 1 ಲಕ್ಷ ಉಳಿಯುತ್ತದೆ. ಆರು ವರ್ಷ ಬಾಳಿಕೆ. ಆಮೇಲೆ ಮಾರಿದರೆ 50,000 ಕೈಗೆ ಬರುತ್ತದೆ. ಬರುವುದು ಆರೂವರೆ ಲಕ್ಷ, ಹೋಗುವುದು ನಾಲ್ಕು ಲಕ್ಷ, ಅಂದರೆ ಎರಡೂವರೆ ಲಕ್ಷ ಲಾಭ.

ಕೂಡಿಕೆಯಲ್ಲಿ ತಪ್ಪಿಲ್ಲ. ಆದರೆ ಕೂಡಬಾರದ್ದನ್ನು ಕೂಡಿದೆ. ಮೊದಲ ವರ್ಷದ ಲಕ್ಷವೂ ಆರನೇ ವರ್ಷದ ಲಕ್ಷವೂ ಹಾಳೆಯ ಮೇಲೆ ಒಂದೇ ಅಂಕಿಯಾಗಿ ಕಾಣುತ್ತವೆ, ತೂಕದಲ್ಲಿ ಒಂದೇ ಅಲ್ಲ.

ಇದನ್ನು ಭಾವನಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ, ಯಾಕೆಂದರೆ ಅವರು ಇಪ್ಪತ್ತು ವರ್ಷದಿಂದ ಚೀಟಿ ಹಾಕುತ್ತಿರುವವರು. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಮೂರನೇ ತಿಂಗಳಲ್ಲೇ ದುಡ್ಡು ಬೇಕಾದವರು 22,000 ಬಿಟ್ಟು 78,000ಕ್ಕೆ ಚೀಟಿ ಎತ್ತುತ್ತಾರೆ. ಕೊನೆಯ ತಿಂಗಳವರೆಗೆ ಕಾಯುವವರಿಗೆ ಹೆಚ್ಚುಕಡಿಮೆ ಪೂರ್ತಿ ಲಕ್ಷ ಸಿಗುತ್ತದೆ. ಹಣ ಯಾವಾಗ ಕೈಗೆ ಬರುತ್ತದೆ ಎಂಬುದಕ್ಕೇ ಒಂದು ಬೆಲೆ ಇದೆ, ಆ ಬೆಲೆಯನ್ನು ಚೀಟಿಯವರು ತಿಂಗಳಿಗೊಮ್ಮೆ ಕೂಗಿ ನಿರ್ಧರಿಸುತ್ತಾರೆ. ಪಠ್ಯಪುಸ್ತಕದಲ್ಲಿ ಇದನ್ನೇ ಹಣದ ಕಾಲಮೌಲ್ಯ ಎನ್ನುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1930ರಲ್ಲಿ ಬಡ್ಡಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ಹಿಂದೆ ಎರಡು ಕಾರಣ ಗುರುತಿಸಿದರು. ಒಂದು, ಇವತ್ತೇ ಬೇಕು ಎನ್ನುವ ಮನುಷ್ಯನ ಅವಸರ. ಇನ್ನೊಂದು, ಇವತ್ತು ಕೈಲಿರುವ ಹಣವನ್ನು ಎಲ್ಲಾದರೂ ತೊಡಗಿಸಿ ಬೆಳೆಸುವ ಅವಕಾಶ. ಚೀಟಿಯ ಹರಾಜಿನಲ್ಲಿ ಎರಡೂ ಎದುರುಬದುರು ಕೂತಿರುತ್ತವೆ.

ಬಡ್ಡಿ ಲೆಕ್ಕ ನಮಗೆ ಮುಂದಕ್ಕೆ ಹೋಗುವುದನ್ನು ಕಲಿಸಿದೆ: ಇಷ್ಟು ಅಸಲು ಇಟ್ಟರೆ ಇಷ್ಟು ವರ್ಷಕ್ಕೆ ಎಷ್ಟಾಗುತ್ತದೆ? ಪ್ರಸಕ್ತ ಮೌಲ್ಯ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಮುಂದೊಂದು ದಿನ ಬರುವ ಮೊತ್ತ ಗೊತ್ತಿದೆ, ಅದು ಇವತ್ತಿನ ಎಷ್ಟಕ್ಕೆ ಸಮ? ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಅಸಲು ಬಡ್ಡಿ ಬೆರೆತ ಮೊತ್ತವನ್ನು ಕೊಟ್ಟು ಅಸಲನ್ನು ಬೇರ್ಪಡಿಸಲು ಕೇಳುವ ಲೆಕ್ಕಗಳಿವೆ. ಅಲ್ಲಿ ಸರಳ ಬಡ್ಡಿ, ಇಲ್ಲಿ ಚಕ್ರಬಡ್ಡಿ. ಹಿಂದಕ್ಕೆ ನಡೆಯುವ ಕ್ರಮ ಮಾತ್ರ ಅದೇ.

ಭಾವನ ಲೆಕ್ಕಕ್ಕೆ ಶೇ. 12ರ ದರ ಹಿಡಿದೆವು. ಆ ದರ ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದು ವರ್ಷದ ನಂತರ ಬರುವ 1 ಲಕ್ಷವನ್ನು 1.12ರಿಂದ ಭಾಗಿಸಿದರೆ 89,286. ಇವತ್ತು 89,286 ಇದ್ದು ಅದು ಶೇ. 12ರಂತೆ ಬೆಳೆದರೆ ವರ್ಷದ ಕೊನೆಗೆ ಲಕ್ಷವಾಗುತ್ತದೆ ಎಂದು ಇದರ ಅರ್ಥ. ಎರಡನೇ ವರ್ಷದ ಲಕ್ಷವನ್ನು ಎರಡು ಸಲ ಭಾಗಿಸಬೇಕು, 79,719 ಆಗುತ್ತದೆ. ಹೀಗೇ ಮುಂದಿನವು 71,178, 63,552, 56,743. ಆರನೇ ವರ್ಷದ ಲಕ್ಷ ಇವತ್ತಿನ 50,663 ರೂಪಾಯಿಗೆ, ಅಂದರೆ ಸುಮಾರು ಅರ್ಧಕ್ಕೆ ಸಮ. ಯಂತ್ರ ಮಾರಿ ಬರುವ 50,000ವೂ ಆ ವರ್ಷದ್ದೇ ಆದ್ದರಿಂದ ಅದು 25,332ಕ್ಕೆ ಇಳಿಯುತ್ತದೆ. ಎಲ್ಲ ಸೇರಿ 4,36,473. ಇದರಿಂದ ಇವತ್ತೇ ಕೊಡಬೇಕಾದ 4 ಲಕ್ಷ ಕಳೆದರೆ ಉಳಿಯುವ 36,473 ರೂಪಾಯಿಯೇ ನಿವ್ವಳ ಪ್ರಸಕ್ತ ಮೌಲ್ಯ, ಎನ್‌ಪಿವಿ.

ಎರಡೂವರೆ ಲಕ್ಷ ಅಂದುಕೊಂಡದ್ದು ಮೂವತ್ತಾರು ಸಾವಿರಕ್ಕೆ ಇಳಿಯಿತಲ್ಲ ಎಂದು ಭಾವ ಪೆಚ್ಚಾದರು. ಆದರೆ ಈ 36,473ನ್ನು ಬರೀ ಲಾಭ ಎಂದು ಓದಬಾರದು. ಹಾಕಿದ ಹಣ ಪೂರ್ತಿ ವಾಪಸು ಬಂದು, ಅದರ ಮೇಲೆ ವರ್ಷಕ್ಕೆ ಶೇ. 12ರ ಪ್ರತಿಫಲವೂ ಸಿಕ್ಕ ಮೇಲೆ ಉಳಿಯುವ ಹೆಚ್ಚುವರಿ ಅದು. ಸೊನ್ನೆಗಿಂತ ಮೇಲಿದ್ದರೆ ಯಂತ್ರ ತರಬಹುದು. ಕೆಳಗಿಳಿದರೆ ಆ ಹಣಕ್ಕೆ ಬೇರೆ ಕಡೆ ಇದಕ್ಕಿಂತ ಒಳ್ಳೆಯ ಕೆಲಸವಿದೆ ಎಂದರ್ಥ.

ಆಗ ಭಾವ ಒಂದು ಪ್ರಶ್ನೆ ಕೇಳಿದರು. ತೋಟದವರಷ್ಟೇ ಕೇಳಬಹುದಾದ ಪ್ರಶ್ನೆ. “ಒಂದು ವರ್ಷ ಕೊಳೆರೋಗ ಬಂದು ಅರ್ಧ ಬೆಳೆ ನೆಲಕ್ಕೆ ಬಿದ್ದರೆ?”

“ಯಾವ ವರ್ಷ ಬಂತು ಅಂತ ಹಿಡಿಯೋಣ ಭಾವ?” ಎಂದೆ.

“ಯಾವ ವರ್ಷ ಆದ್ರೇನೋ? ಅರ್ಧ ಹೋಗೋದು ಅರ್ಧವೇ.”

ಲೆಕ್ಕ ಹಾಗೆನ್ನುವುದಿಲ್ಲ. ಬೆಳೆ ಅರ್ಧವಾದರೆ ಸುಲಿಯುವುದೂ ಅರ್ಧ, ಕೂಲಿಯ ಉಳಿತಾಯ 50,000 ತಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಆರನೇ ವರ್ಷ ಹಾಗಾದರೆ ಇವತ್ತಿನ ಲೆಕ್ಕದಲ್ಲಿ ನಷ್ಟ 25,332. ಎನ್‌ಪಿವಿ 11,141ಕ್ಕೆ ಇಳಿಯುತ್ತದೆ, ಆದರೂ ಸೊನ್ನೆಯ ಮೇಲೇ ಉಳಿಯುತ್ತದೆ. ಮೊದಲ ವರ್ಷವೇ ಹಾಗಾದರೆ ನಷ್ಟ 44,643, ಎನ್‌ಪಿವಿ ಸೊನ್ನೆಯಿಂದ 8,170 ಕೆಳಗೆ. ಅದೇ ರೋಗ, ಅದೇ ತೋಟ, ಅಷ್ಟೇ ಅಡಿಕೆ ಹೋದದ್ದು. ಆದರೆ ಒಂದರಲ್ಲಿ ಯಂತ್ರ ತರಬಹುದು, ಇನ್ನೊಂದರಲ್ಲಿ ತರಬಾರದು. ಕ್ಯಾಲೆಂಡರಿನ ಹಿಂಬದಿಯ ಕೂಡಿಕೆಯಲ್ಲಾದರೆ ಎರಡಕ್ಕೂ 2 ಲಕ್ಷವೇ ಲಾಭ ಬರುತ್ತದೆ, ಈ ವ್ಯತ್ಯಾಸ ಕಾಣುವುದೇ ಇಲ್ಲ. ಎನ್‌ಪಿವಿ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡು ಅಂಕಿಗಳನ್ನೇ.

ಇನ್ನು ದರದ ವಿಷಯ. ಈ ಲೆಕ್ಕದ ಜೀವ ಇರುವುದು ಅಲ್ಲಿ, ಎಡವುವುದೂ ಹೆಚ್ಚಾಗಿ ಅಲ್ಲೇ. ಶೇ. 9 ಹಿಡಿದರೆ ಇದೇ ಯಂತ್ರದ ಎನ್‌ಪಿವಿ 78,405. ಶೇ. 15 ಹಿಡಿದರೆ ಬರೀ 65 ರೂಪಾಯಿ, ಅಂದರೆ ಸೊನ್ನೆಯೇ. ಹೀಗೆ ಎನ್‌ಪಿವಿಯನ್ನು ಸೊನ್ನೆಗೆ ತರುವ ದರಕ್ಕೆ ಆಂತರಿಕ ಪ್ರತಿಫಲ ದರ ಎಂಬ ಹೆಸರಿದೆ; ಭಾವನ ಯಂತ್ರಕ್ಕೆ ಅದು ಶೇ. 15. ಹಾಗಾದರೆ ಯಾವ ದರ ಹಿಡಿಯಬೇಕು? ಭಾವ ಮೊದಲು ಹೇಳಿದ್ದು ಬ್ಯಾಂಕಿನ ಠೇವಣಿ ದರ, “ನಂದೇ ದುಡ್ಡಲ್ವಾ” ಎಂದು. ಆದರೆ ಠೇವಣಿಗೆ ಕೊಳೆರೋಗ ಬರುವುದಿಲ್ಲ, ಅದರ ಬೆಲ್ಟು ಹರಿಯುವುದಿಲ್ಲ. ಯಂತ್ರದಷ್ಟೇ ಅಪಾಯವಿರುವ ಇನ್ನೊಂದು ಕೆಲಸಕ್ಕೆ ಅದೇ ಹಣ ಹಾಕಿದ್ದರೆ ಏನು ಸಿಗುತ್ತಿತ್ತು ಎಂಬುದೇ ಸರಿಯಾದ ಅಳತೆ. ಭಾವನಿಗೆ ಆ ಇನ್ನೊಂದು ಕೆಲಸ ಕಣ್ಣೆದುರಿಗೇ ಇತ್ತು: ತೋಟದ ಹನಿ ನೀರಾವರಿಯನ್ನು ಪೂರ್ತಿ ಮಾಡುವುದು. ಅದರಿಂದ ಎಷ್ಟು ಬರಬಹುದು ಎಂದು ಅವರೇ ಅಂದಾಜು ಮಾಡಿ ಶೇ. 12 ಎಂದರು.

ದರ ಹಿಡಿದ ಮೇಲೆ ಬಡ್ಡಿಯನ್ನು ಮತ್ತೆ ಕಳೆಯಬಾರದು. ಯಂತ್ರಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದವರು ವರ್ಷದ ಉಳಿತಾಯದಿಂದ ಬಡ್ಡಿ ಕಳೆದು, ಉಳಿದದ್ದನ್ನು ಮತ್ತೆ ಶೇ. 12ರಲ್ಲಿ ಭಾಗಿಸುವುದನ್ನು ನೋಡಿದ್ದೇನೆ. ಒಂದೇ ಖರ್ಚನ್ನು ಎರಡು ಸಲ ಕಳೆದಂತಾಯಿತು ಅದು. ಒಳ್ಳೆಯ ಯೋಜನೆಯೂ ಕೆಟ್ಟದಾಗಿ ಕಾಣುತ್ತದೆ.

ಇದಕ್ಕಿಂತ ನುಣುಪಾಗಿ ಜಾರಿಸುವ ತಪ್ಪು ಬೆಲೆಯೇರಿಕೆಯದ್ದು. ಶೇ. 12ರಲ್ಲಿ ಬೆಲೆಯೇರಿಕೆಯೂ ಸೇರಿದೆ, ಹಣ ಕೊಡುವವರೆಲ್ಲ ಅದನ್ನು ಎಣಿಸಿಯೇ ದರ ಹೇಳುತ್ತಾರೆ. ಹಾಗಿರುವಾಗ ಆರು ವರ್ಷವೂ ಕೂಲಿ ಇವತ್ತಿನಷ್ಟೇ ಇರುತ್ತದೆ ಎಂದು 1 ಲಕ್ಷವನ್ನೇ ಬರೆಯುತ್ತಾ ಹೋದರೆ ಭಾಗಿಸುವ ಕಡೆ ಬೆಲೆಯೇರಿಕೆ ಇದೆ, ಭಾಗಕ್ಕೆ ಒಳಗಾಗುವ ಕಡೆ ಇಲ್ಲ. ಮೊದಲ ವರ್ಷದ ಉಳಿತಾಯ 1 ಲಕ್ಷ, ಆಮೇಲೆ ಅದು ವರ್ಷಕ್ಕೆ ಶೇ. 6ರಂತೆ ಏರುತ್ತದೆ ಎಂದು ಹಿಡಿದರೆ ಎನ್‌ಪಿವಿ 36,473ರಿಂದ ಸುಮಾರು 94,000ಕ್ಕೆ ಹಾರುತ್ತದೆ. ಭಾವ ಇದನ್ನು ಕೇಳಿ ಖುಷಿಪಟ್ಟರೂ ಒಪ್ಪಲಿಲ್ಲ. ಕೂಲಿ ಏರಿದ ಹಾಗೇ ಯಂತ್ರ ಹಳತಾದಂತೆ ರಿಪೇರಿಯೂ ಏರುತ್ತದೆ, ಒಂದಕ್ಕೊಂದು ವಜಾ ಎಂಬುದು ಅವರ ವಾದ. ಯಂತ್ರಗಳನ್ನು ಕಂಡವರ ಮಾತು, ನಾನು ಸುಮ್ಮನಾದೆ. ಲೆಕ್ಕ 36,473ರಲ್ಲೇ ನಿಂತಿತು.

ಇದನ್ನೆಲ್ಲ ಎಕ್ಸೆಲ್‌ನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆಯ ಮಾತು. ಅಲ್ಲಿನ ಸೂತ್ರ ತನಗೆ ಕೊಟ್ಟ ಮೊದಲ ಅಂಕಿಯನ್ನೂ ಒಂದು ವರ್ಷದ ನಂತರ ಬರುವುದು ಎಂದೇ ತಿಳಿಯುತ್ತದೆ. ಹಾಗಾಗಿ ಇವತ್ತು ಕೊಡುವ 4 ಲಕ್ಷವನ್ನು ಹೊರಗಿಟ್ಟು ಆಮೇಲೆ ಸೇರಿಸಬೇಕು. B1ರಲ್ಲಿ -400000, B2ರಿಂದ B7ರವರೆಗೆ ಆರು ವರ್ಷದ ಉಳಿತಾಯ (ಕೊನೆಯದರಲ್ಲಿ ಮಾರಾಟದ ಹಣವೂ ಸೇರಿ 150000) ಇದ್ದರೆ ಸೂತ್ರ ಹೀಗಿರಬೇಕು:

```
=NPV(12%,B2:B7)+B1
```

B1ನ್ನೂ ಆವರಣದೊಳಕ್ಕೆ ಸೇರಿಸಿದರೆ ಉತ್ತರ 32,565 ಎಂದು ಬರುತ್ತದೆ. ಎಲ್ಲವೂ ಒಂದು ವರ್ಷ ಮುಂದಕ್ಕೆ ಸರಿದಿರುತ್ತದೆ, ತೆರೆಯ ಮೇಲೆ ತಪ್ಪಿನ ಗುರುತೂ ಕಾಣುವುದಿಲ್ಲ. ಪತ್ತೆಹಚ್ಚುವುದು ಸುಲಭ: ದರದ ಜಾಗದಲ್ಲಿ 12%ರ ಬದಲು 50% ಕೊಟ್ಟು ನೋಡಿ, ಮೊದಲ ದಿನದ 4 ಲಕ್ಷದ ತೂಕವೂ ಕುಗ್ಗಿದರೆ ಅದು ತಪ್ಪು ಜಾಗದಲ್ಲಿ ಕೂತಿದೆ.

ಭಾವನಿಗೆ ಕಡೆಗೂ ಕಾಡಿದ್ದು ಮೊದಲ ವರ್ಷದ ಮಳೆ. ಯಂತ್ರದ ವ್ಯಾಪಾರಿ, ಪೂರ್ತಿ ಹಣ ಒಟ್ಟಿಗೆ ಕೊಟ್ಟರೆ 15,000 ಬಿಡುತ್ತೇನೆ ಎಂದಿದ್ದರು. ನಾವಿಬ್ಬರೂ ಮತ್ತೆ ಕ್ಯಾಲೆಂಡರು ತಿರುವಿ ಕೂತೆವು. ಅರ್ಧ ಹಣ ಈಗ, ಇನ್ನರ್ಧ ಮುಂದಿನ ಕೊಯ್ಲು ಮುಗಿದ ಮೇಲೆ ಬಡ್ಡಿಯಿಲ್ಲದೆ ಎಂದರೆ? ವರ್ಷದ ನಂತರ ಕೊಡುವ 2 ಲಕ್ಷ ಇವತ್ತಿನ 1,78,571ಕ್ಕೆ ಸಮ. ಉಳಿಯುವುದು 21,429, ಅವರು ಬಿಡುವ 15,000ಕ್ಕಿಂತ ಹೆಚ್ಚು. ಮೊದಲ ವರ್ಷವೇ ಕೊಳೆರೋಗ ಬಂದರೂ ಎನ್‌ಪಿವಿ ಸೊನ್ನೆಯಿಂದ 13,259 ಮೇಲಿರುತ್ತದೆ. 15,000 ಬಿಡಿಸಿಕೊಂಡರೆ ಅದು 6,830ರಲ್ಲೇ ನಿಲ್ಲುತ್ತಿತ್ತು.

ಮರುದಿನ ಭಾವ ಪೇಟೆಗೆ ಹೋಗಿ, ಬೆಲೆಯಲ್ಲಿ ಒಂದು ರೂಪಾಯಿಯೂ ಬಿಡುವುದು ಬೇಡ, ಅರ್ಧ ಹಣಕ್ಕೆ ಒಂದು ವರ್ಷ ವಾಯಿದೆ ಕೊಡಿ ಎಂದರು. ಪಟ್ಟಿ ಮಾಡಿದ ಬೆಲೆಗೇ ಯಂತ್ರ ಮಾರಿದೆನೆಂದು ವ್ಯಾಪಾರಿಗೂ ಸಮಾಧಾನವಾಯಿತು, ಅಲ್ಲೇ ಕಾಗದವಾಯಿತು.