ಸಂಕ್ರಾಂತಿ ಪಾರ್ಸೆಲ್‌ಗೆ ಎಂಥ ಜಾಹೀರಾತು ಬೇಕು?

ಬಾಗಿಲಲ್ಲಿ ಕಾದು ನಿಂತ ತಾಯಿಯ ಚಿತ್ರ, ಅದರ ಕೆಳಗೆ 'ಮಗನೇ, ಊರು ಮರೆತೆಯಾ?' ಎಂಬ ಸಾಲು. ವಿದೇಶಕ್ಕೆ ಎಳ್ಳು-ಬೆಲ್ಲ ಕಳುಹಿಸುವ ಜಾಹೀರಾತು ಬರೆಯಲು ಕುಳಿತವರಿಗೆ ಮೊದಲು ಹೊಳೆಯುವುದು ಇಂಥದ್ದೇ. ರಜೆ ಸಿಗದೆ ಡಲ್ಲಾಸ್‌ನಲ್ಲೇ ಉಳಿದ ಮಗನಿಗೆ ಅದು ಚುಚ್ಚುತ್ತದೆ. ನೋವಿಗೆ ಒಮ್ಮೆ ಕೊಂಡಾನು, ಮರುವರ್ಷ ಆ ಅಂಗಡಿಯ ಹೆಸರು ಕಂಡರೆ ಮುಖ ತಿರುಗಿಸುತ್ತಾನೆ. ಊರಿನ ನೆನಪನ್ನು ಆಪಾದನೆಯಾಗಿ ತಿರುಗಿಸುವುದು ನನ್ನ ಪ್ರಕಾರ ತಪ್ಪು.

ನೆನಪನ್ನು ವಸ್ತುವಿನ ವಿವರದಲ್ಲೇ ಹುಡುಕಬೇಕು. ಸಂಕ್ರಾಂತಿಯೆಂದರೆ ಹೊಸ ಬಟ್ಟೆ ತೊಟ್ಟು, ತಟ್ಟೆ ಹಿಡಿದು, ಮನೆಮನೆಗೆ ಎಳ್ಳು ಬೀರುವುದು. ತಿಂದದ್ದಕ್ಕಿಂತ ಹಂಚಿದ್ದೇ ಹೆಚ್ಚು ನೆನಪಿರುತ್ತದೆ. ಹಾಗಾಗಿ ಒಂದು ಕಿಲೋ ಎಳ್ಳು-ಬೆಲ್ಲವನ್ನು ಒಂದೇ ಡಬ್ಬಿಗೆ ತುಂಬುವ ಬದಲು ನೂರು ಗ್ರಾಂನ ಹತ್ತು ಪೊಟ್ಟಣ ಮಾಡಿದರೆ ಅಲ್ಲಿನ ಮಗುವೂ ನೆರೆಮನೆಗೆ ಬೀರಿ ಬರಬಹುದು. ಜಾಹೀರಾತಿಗೆ ಇಷ್ಟು ಸಾಕು: 'ಬಿಳಿ ಎಳ್ಳು, ಕೈಯಲ್ಲಿ ಹೆಚ್ಚಿದ ಅಚ್ಚುಬೆಲ್ಲ ಮತ್ತು ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಹತ್ತು ಮನೆಗೆ ಬೀರಲು ಹತ್ತು ಪೊಟ್ಟಣ.' ಓದಿದವರಿಗೆ ಮಿಕ್ಕದ್ದು ತಾನಾಗಿ ನೆನಪಾಗುತ್ತದೆ.

ಆಗದ್ದನ್ನೂ ಅಲ್ಲೇ ಬರೆಯಬೇಕು. ಕಬ್ಬು, ಬಾಳೆಹಣ್ಣು, ಎಲಚಿ ಹಣ್ಣಿನಂಥ ಹಸಿ ಪದಾರ್ಥ ಸಸ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಚಿತ್ರದಲ್ಲಿ ಕಬ್ಬಿನ ಜಲ್ಲೆ ತೋರಿಸಿ, ಪೆಟ್ಟಿಗೆಯಲ್ಲಿ ಇಡದೆ ಕಳುಹಿಸಿದರೆ ಮಗುವಿಗೆ ನಿರಾಸೆ. ಇನ್ನು ಅಮೆರಿಕದಲ್ಲಿ 2023ರ ಜನವರಿ 1ರಿಂದ ಪ್ಯಾಕೆಟ್ ಆಹಾರದ ಮೇಲೆ ನಮೂದಿಸಲೇಬೇಕಾದ ಪ್ರಮುಖ ಅಲರ್ಜಿ ಪದಾರ್ಥಗಳ ಪಟ್ಟಿಗೆ ಎಳ್ಳು ಸೇರಿದೆ. ಕಡಲೆಬೀಜ ಮೊದಲಿನಿಂದಲೂ ಅದರಲ್ಲಿದೆ. ಎಳ್ಳು ಹೋಗುವುದು ಬೇರೆಯವರ ಮನೆಗೆ, ಆದ್ದರಿಂದ ಪ್ರತಿ ಪೊಟ್ಟಣದ ಮೇಲೂ ಪದಾರ್ಥಗಳ ಹೆಸರು ಇಂಗ್ಲಿಷಿನಲ್ಲಿ ಇರಬೇಕು.

ಹೆಚ್ಚು ಜಗಳ ಆಗುವುದು ದಿನಾಂಕ ಮತ್ತು ಸುಂಕದ ವಿಷಯಕ್ಕೆ. ಹಬ್ಬ ಜನವರಿ 14 ಅಥವಾ 15ಕ್ಕೆ. ಕೊರಿಯರ್ ಒಂದು ವಾರ ಎಂದರೂ ಕಸ್ಟಮ್ಸ್‌ನಲ್ಲಿ ಇನ್ನಷ್ಟು ದಿನ ನಿಲ್ಲಬಹುದು. 20ಕ್ಕೆ ತಲುಪಿದ ಎಳ್ಳನ್ನು ಯಾರಿಗೆ ಬೀರುವುದು? ಹಾಗಾಗಿ ಡಿಸೆಂಬರ್ ಕೊನೆಗೇ ಆರ್ಡರ್ ನಿಲ್ಲಿಸುವುದು ಒಳ್ಳೆಯದು. 'ಇನ್ನು ಮೂರೇ ಪೆಟ್ಟಿಗೆ ಉಳಿದಿವೆ' ಎಂಬ ಸುಳ್ಳು ಅವಸರಕ್ಕಿಂತ ಈ ನಿಜವಾದ ಗಡುವೇ ಹೆಚ್ಚು ಕೆಲಸ ಮಾಡುತ್ತದೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಂದು ನಿಲ್ಲಿಸಿತು. ಅಜ್ಜಿ ಕಳುಹಿಸಿದ ಉಡುಗೊರೆಗೆ ಮೊಮ್ಮಗಳ ಮನೆಯವರು ಬಾಗಿಲಲ್ಲಿ ನಿಂತು ಹಣ ಕಟ್ಟುವಂತಾದರೆ ಇಬ್ಬರಿಗೂ ಮುಜುಗರ.

ಯಾವಾಗ ತಲುಪುತ್ತದೆ, ಏನು ಬರುವುದಿಲ್ಲ, ಸುಂಕ ಯಾರದು ಎಂದು ಜಾಹೀರಾತಿನಲ್ಲಿ ಬರೆಯದ ಅಂಗಡಿಯನ್ನು ಹಣ ಕಟ್ಟುವ ಮೊದಲೇ ಕೇಳಿ.