ಇಲ್ಲದವರ ಭಾವಚಿತ್ರ

ಕಳೆದ ಉತ್ತರಾಯಣದ ರಜೆ ಮುಗಿದು ಶಾಲೆ ತೆರೆದ ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ಕೈಯಲ್ಲಿ ಮೊಬೈಲು ಹಿಡಿದುಕೊಂಡು ನಮ್ಮ ಬಳಿಗೆ ಬಂದರು. ಅವರ ಮಗನಿಗೆ ಸೂರತ್ತಿನ ಜವಳಿ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಕೊಡಿಸುವುದಾಗಿ ಯಾರೋ ಒಬ್ಬ ಮಹಿಳೆ ಬರೆದಿದ್ದಳು. ಮೊದಲು ಎರಡು ಸಾವಿರ ರೂಪಾಯಿ ನೋಂದಣಿ ಶುಲ್ಕ ಕಳುಹಿಸಬೇಕೆಂದು ಕೇಳಿದ್ದಳು. ಅವಳ ಹೆಸರಿನ ಪಕ್ಕದಲ್ಲಿ ನಗುಮುಖದ ಭಾವಚಿತ್ರವಿತ್ತು.

"ಮಾಸ್ತರ್ರ, ಮಾರಿ ನೋಡಿದ್ರ ಒಳ್ಳೆ ಮನೆತನದವರ ಹಂಗ ಕಾಣತಾರ. ರೊಕ್ಕ ಕಳಸಲೇನ್ರಿ?" ಎಂದು ಅವರು ಕೇಳಿದರು.

ನಾವೂ ಆ ಮುಖವನ್ನು ಬಹಳ ಹೊತ್ತು ನೋಡಿದೆವು. ಮುಖದಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ಮುಖವನ್ನು ಬಿಟ್ಟು ಚಿತ್ರದ ಉಳಿದ ಭಾಗವನ್ನು ನೋಡತೊಡಗಿದಾಗ ನಮ್ಮಲ್ಲಿ ಸಂಶಯ ಹುಟ್ಟಿತು. ಆ ಸಂಶಯಕ್ಕೆ ಕಾರಣವೇನು, ಅದನ್ನು ಪರೀಕ್ಷಿಸಿದ ಬಗೆ ಹೇಗೆ ಎಂಬುದನ್ನು ವಿದ್ಯಾರ್ಥಿಮಿತ್ರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಇಂದು ಗಣಕಯಂತ್ರವು ಎಂದೂ ಹುಟ್ಟದ ಮನುಷ್ಯನ ಭಾವಚಿತ್ರವನ್ನು ರಚಿಸಬಲ್ಲದು. ಇದಕ್ಕೆ ತಳಹದಿಯಾದ ಉಪಾಯವನ್ನು ಇಯಾನ್ ಗುಡ್‌ಫೆಲೋ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಎರಡು ಗಣಿತವ್ಯೂಹಗಳನ್ನು ಎದುರುಬದುರಾಗಿ ನಿಲ್ಲಿಸುವುದೇ ಆ ಉಪಾಯ. ಒಂದು ಸುಳ್ಳು ಚಿತ್ರಗಳನ್ನು ಬರೆಯುತ್ತದೆ, ಇನ್ನೊಂದು ನಿಜವಾದವುಗಳ ನಡುವೆ ಸುಳ್ಳನ್ನು ಹಿಡಿಯುತ್ತದೆ. ಸಿಕ್ಕಿಬಿದ್ದಾಗಲೆಲ್ಲ ಮೊದಲನೆಯದು ತನ್ನನ್ನು ತಿದ್ದಿಕೊಳ್ಳುತ್ತದೆ. ಲಕ್ಷಗಟ್ಟಲೆ ಸಲ ಹೀಗೆ ನಡೆದ ಬಳಿಕ ಪರೀಕ್ಷಕನಿಗೂ ಭೇದ ತಿಳಿಯದಾಗುತ್ತದೆ. 2018ರ ಡಿಸೆಂಬರಿನಲ್ಲಿ ಎನ್‌ವಿಡಿಯಾ ಸಂಸ್ಥೆಯ ತೇರೋ ಕರಾಸ್ ಮತ್ತು ಅವರ ಸಹೋದ್ಯೋಗಿಗಳು ಇದೇ ಮಾರ್ಗದಲ್ಲಿ ಸ್ಟೈಲ್‌ಗ್ಯಾನ್ ಎಂಬ ಯಂತ್ರವನ್ನು ಮುಂದಿಟ್ಟರು. 2019ರ ಫೆಬ್ರವರಿಯಲ್ಲಿ ಆರಂಭವಾದ thispersondoesnotexist.com ಎಂಬ ಪುಟವು ತೆರೆದಾಗಲೆಲ್ಲ ಒಂದು ಹೊಸ ಕೃತಕ ಮುಖವನ್ನು ತೋರಿಸಿ ಜನರನ್ನು ಬೆರಗುಗೊಳಿಸಿತು.

ಈ ಮುಖಗಳನ್ನು ಬರಿಯ ನೋಟದಿಂದ ಗುರುತಿಸಲು ಸಾಧ್ಯವೇ? ಸೋಫಿ ನೈಟಿಂಗೇಲ್ ಮತ್ತು ಹ್ಯಾನಿ ಫರೀದ್ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಾಮಾನ್ಯ ಜನರು ಸರಾಸರಿ 100ಕ್ಕೆ 48 ಸಲ ಮಾತ್ರ ಸರಿಯಾಗಿ ಹೇಳಿದರು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಆದುದರಿಂದ ಮುಖದ ಕಳೆಯನ್ನು ನಂಬಿ ತೀರ್ಪು ಹೇಳುವುದು ನಿರರ್ಥಕ. ಯಂತ್ರವು ಕಲಿತ ಪಾಠದ ಗುರುತು ಮುಖದ ಅಂದಚಂದದಲ್ಲಿ ಉಳಿಯುವುದಿಲ್ಲ. ಆ ಮುಖವನ್ನು ಚೌಕಟ್ಟಿನಲ್ಲಿ ಕೂರಿಸಿದ ರೀತಿಯಲ್ಲಿ ಉಳಿಯುತ್ತದೆ.

ಆ ಪಾಠ ಯಾವುದು? ಸ್ಟೈಲ್‌ಗ್ಯಾನಿಗೆ ಕಲಿಸಲು ಬಳಸಿದ್ದು ಫ್ಲಿಕರ್ ಎಂಬ ಛಾಯಾಚಿತ್ರ ಭಂಡಾರದಿಂದ ಆಯ್ದ 70,000 ನಿಜವಾದ ಮುಖಗಳು. ಅವುಗಳಲ್ಲಿ ಕೆಲವರು ದೂರದಲ್ಲಿದ್ದರು, ಕೆಲವರು ಮೂಲೆಯಲ್ಲಿದ್ದರು, ಕೆಲವರು ತಲೆ ವಾಲಿಸಿಕೊಂಡಿದ್ದರು. ಇವೆಲ್ಲವನ್ನೂ ಒಂದೇ ಅಳತೆಗೆ ತರುವುದಕ್ಕಾಗಿ ಇನ್ನೊಂದು ಕ್ರಮವಿಧಿಯು ಪ್ರತಿ ಮುಖದ ಮೇಲೂ 68 ಗುರುತಿನ ಬಿಂದುಗಳನ್ನು ಹುಡುಕಿತು. ಅವುಗಳಲ್ಲಿ ರೆಪ್ಪೆಯ ಅಂಚಿನ ಬಿಂದುಗಳಿಂದ ಎರಡು ಕಣ್ಣುಗಳ ಸ್ಥಾನವನ್ನೂ ತುಟಿಯ ಬಿಂದುಗಳಿಂದ ಬಾಯಿಯ ಸ್ಥಾನವನ್ನೂ ನಿಶ್ಚಯಿಸಲಾಯಿತು. ಬಳಿಕ ವಾಲಿದ ತಲೆಯನ್ನು ನೇರಮಾಡಿ ಚೌಕಾಕಾರವಾಗಿ ಕತ್ತರಿಸಲಾಯಿತು. ಕಣ್ಣುಗಳ ನಡುವಣ ಅಂತರದ ನಾಲ್ಕು ಪಟ್ಟು, ಅಥವಾ ಕಣ್ಣಿನಿಂದ ಬಾಯಿಗಿರುವ ಅಂತರದ 3.6 ಪಟ್ಟು, ಇವೆರಡರಲ್ಲಿ ಯಾವುದು ದೊಡ್ಡದೋ ಅದೇ ಚೌಕದ ಬದಿ. ಚೌಕದ ಕೇಂದ್ರವನ್ನು ಕಣ್ಣುಗಳ ಮಧ್ಯಬಿಂದುವಿಗಿಂತ ತುಸು ಕೆಳಗೆ ಇಡಲಾಯಿತು.

ದರ್ಜಿಯು ಒಂದೇ ಅಚ್ಚುಕಾಗದದಿಂದ 70,000 ಅಂಗಿಗಳನ್ನು ಕತ್ತರಿಸಿದರೆ ಎಲ್ಲ ಅಂಗಿಗಳ ಗುಂಡಿಯೂ ಒಂದೇ ಎಡೆಯಲ್ಲಿ ಬರುವುದಷ್ಟೆ? ಇಲ್ಲಿಯೂ ಅದೇ ಆಯಿತು. ಕಣ್ಣು ಎಂಬುದು ಇದೇ ಎಡೆಯಲ್ಲಿರುವ ವಸ್ತುವೆಂದೇ ಯಂತ್ರ ಕಲಿತುಕೊಂಡಿತು. ಅದು ರಚಿಸುವ ಮುಖ ಮಗುವಿನದಾಗಲಿ ಮುದುಕನದಾಗಲಿ, ಕಣ್ಣುಗಳು ಬಹುಮಟ್ಟಿಗೆ ಅಲ್ಲಿಯೇ ಬೀಳುತ್ತವೆ. ಚಿತ್ರವನ್ನು 10 ಸೆಂಟಿಮೀಟರಿನ ಚೌಕವಾಗಿ ಅಚ್ಚು ಹಾಕಿಸಿದರೆ ಕಣ್ಣುಗಳ ಸಾಲು ಮೇಲಿನ ಅಂಚಿನಿಂದ ಸುಮಾರು 4.7 ಸೆಂಟಿಮೀಟರು ಕೆಳಗಿರುತ್ತದೆ. ಎಡಬದಿಯಿಂದ ಅಳೆದರೆ ಒಂದು ಕಣ್ಣು ಸುಮಾರು 3.75, ಇನ್ನೊಂದು ಸುಮಾರು 6.25 ಸೆಂಟಿಮೀಟರಿನಲ್ಲಿರುತ್ತದೆ. ಮುಖ ಪಕ್ಕಕ್ಕೆ ತಿರುಗಿದ್ದರೆ ನಡುವಣ ಅಂತರ ಕಡಮೆಯಾಗಬಹುದು, ಆದರೆ ಸಾಲಿನ ಎತ್ತರ ಹೆಚ್ಚು ಬದಲಾಗದು. ಭಾವಚಿತ್ರವನ್ನು ವೃತ್ತಾಕಾರವಾಗಿ ತೋರಿಸಿದರೂ ಚಿಂತೆಯಿಲ್ಲ. ಚೌಕದ ಕೇಂದ್ರವೇ ವೃತ್ತದ ಕೇಂದ್ರ.

ಇದನ್ನು ನಾವು ಒಂಬತ್ತನೆಯ ತರಗತಿಯ ಮಕ್ಕಳೊಡನೆ ಪರೀಕ್ಷಿಸಿ ನೋಡಿದೆವು. ಹನ್ನೆರಡು ಕೃತಕ ಮುಖಗಳನ್ನೂ, ಮಕ್ಕಳ ಮನೆಯವರ ಒಪ್ಪಿಗೆ ಪಡೆದು ತಂದ ಹನ್ನೆರಡು ನಿಜವಾದ ಭಾವಚಿತ್ರಗಳನ್ನೂ ಅದೇ ಅಳತೆಯಲ್ಲಿ ಅಚ್ಚು ಹಾಕಿಸಿದೆವು. ಒಂದೊಂದರ ಮೇಲೂ ಬಟರ್ ಪೇಪರ್ ಇಟ್ಟು ಕಣ್ಣಿದ್ದಲ್ಲಿ ಪೆನ್ಸಿಲಿನಿಂದ ಚುಕ್ಕೆ ಹಾಕಲು ಹೇಳಿದೆವು. ಕೃತಕ ಮುಖಗಳ ಚುಕ್ಕೆಗಳೆಲ್ಲ ಎರಡು ಕಡೆ ಕಡಲೆಕಾಳಿನಷ್ಟು ಜಾಗದಲ್ಲಿ ಒತ್ತಾಗಿ ಕುಳಿತವು. ನಿಜವಾದ ಭಾವಚಿತ್ರಗಳ ಚುಕ್ಕೆಗಳು ಕಾಗದದ ತುಂಬ ಚೆದರಿದವು. ಆ ಮಹಿಳೆಯ ಚಿತ್ರವನ್ನೂ ಹಾಗೆಯೇ ಅಳೆದೆವು. ಕಣ್ಣುಗಳು ಮೇಲಿನಿಂದ 4.7 ಸೆಂಟಿಮೀಟರಿನಲ್ಲಿ, ಎಡಬದಿಯಿಂದ 3.8 ಮತ್ತು 6.2ರಲ್ಲಿ ಇದ್ದವು. ಅವಳ ಚುಕ್ಕೆಗಳು ಕೃತಕ ಮುಖಗಳ ಕಡಲೆಕಾಳಿನೊಳಗೇ ಸೇರಿಕೊಂಡವು.

ಎರಡನೆಯ ಗುರುತು ಹಿನ್ನೆಲೆ. ಮೇಲೆ ಹೇಳಿದ ಕತ್ತರಿಕೆಯಲ್ಲಿ ಮುಖವೇ ಚೌಕದ ಬಹುಭಾಗವನ್ನು ತುಂಬುತ್ತದೆ. ಅಂಚಿನಲ್ಲಿ ಮಾತ್ರ ಹಿನ್ನೆಲೆಯ ತುಣುಕು ಉಳಿಯುತ್ತದೆ. ಎಲ್ಲ ಮುಖಗಳಿಗೂ ಮೂಗು, ಬಾಯಿ, ಕಣ್ಣು ಸಮಾನ. ಹಿನ್ನೆಲೆಯಾದರೋ ಒಂದು ಚಿತ್ರದಲ್ಲಿ ಮರ, ಒಂದರಲ್ಲಿ ಗೋಡೆ, ಒಂದರಲ್ಲಿ ಕಡಲತೀರ. 70,000 ಸಲ ನೋಡಿದ ಮೂಗನ್ನು ಯಂತ್ರ ಚೆನ್ನಾಗಿ ಕಲಿತಿತು. ನೋಡಿದಾಗಲೆಲ್ಲ ಬೇರೆಯಾಗಿದ್ದ ಹಿನ್ನೆಲೆಯಿಂದ ಅದಕ್ಕೆ ಬಣ್ಣದ ಮುದ್ದೆಯಷ್ಟೇ ದಕ್ಕಿತು. ಇನ್ನೊಂದು ಕಾರಣವೂ ಉಂಟು. ಮೂಲಚಿತ್ರದಲ್ಲಿ ಮುಖ ಅಂಚಿಗೆ ಹತ್ತಿರವಿದ್ದಾಗ ಚೌಕವು ಚಿತ್ರದ ಹೊರಕ್ಕೆ ಚಾಚುತ್ತಿತ್ತು. ಆ ಬರಿದಾದ ಜಾಗವನ್ನು ಅಂಚಿನ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಮಡಿಸಿ, ಮಸುಕುಮಾಡಿ ತುಂಬಲಾಗಿತ್ತು. ಹೀಗೆ ಕೆಲವು ಪಾಠಗಳಲ್ಲಿಯೇ ಸುಳ್ಳು ಮಸುಕು ಬೆರೆತಿತ್ತು.

ಹಿನ್ನೆಲೆ ಮಸುಕಾದ ಮಾತ್ರಕ್ಕೆ ಚಿತ್ರ ಕೃತಕವೇ? ಅಲ್ಲ. ಒಳ್ಳೆಯ ಕ್ಯಾಮೆರಾ ಸಹ ಮುಖವನ್ನು ಸ್ಪಷ್ಟವಾಗಿಟ್ಟು ಹಿಂಬದಿಯನ್ನು ಮಸುಕಾಗಿಸುತ್ತದೆ. ಆದರೆ ಮಸೂರದ ಮಸುಕಿಗೆ ಒಂದು ನಿಯಮವುಂಟು. ನಮ್ಮ ವಿದ್ಯಾರ್ಥಿನಿಯೊಬ್ಬಳು ಉತ್ತರಾಯಣದ ದಿನ ಮನೆಯ ಮಾಳಿಗೆಯ ಮೇಲೆ ತೆಗೆಸಿಕೊಂಡ ಚಿತ್ರವನ್ನು ಈ ಸಂದರ್ಭದಲ್ಲಿ ನೋಡಿದೆವು. ಅವಳ ಹಿಂದೆ ದೂರದ ಗಾಳಿಪಟಗಳು ಮಸುಕಾಗಿದ್ದವು. ಆದರೂ ಅವು ಗಾಳಿಪಟಗಳೆಂದೇ ತಿಳಿಯುತ್ತಿದ್ದವು. ಮಾಳಿಗೆಯ ಗೋಡೆ ಅವಳ ಬಳಿ ಸ್ಪಷ್ಟವಾಗಿದ್ದು ದೂರ ಸರಿದಂತೆ ಕ್ರಮವಾಗಿ ಮಸುಕಾಗಿತ್ತು. ಅವಳ ಎಡಭುಜದ ಹಿಂದೆ ಮರೆಯಾದ ಆ ಗೋಡೆ ಬಲಭುಜದ ಹಿಂದೆ ಅದೇ ಎತ್ತರದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಆ ಮಹಿಳೆಯ ಚಿತ್ರದಲ್ಲಿ ಎಡಗಡೆ ಹಸುರು, ಬಲಗಡೆ ಕಂದು. ಎಡಗಡೆಯದು ಎಲೆಯೋ ಪರದೆಯೋ ಹೇಳಲಾಗದು. ಯಾವ ಗೆರೆಯೂ ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಮುಂದುವರಿದಿರಲಿಲ್ಲ. ಕಿವಿಯ ಬಳಿಯ ಕೂದಲು ಹಿನ್ನೆಲೆಯೊಳಗೆ ಕರಗಿಹೋಗಿತ್ತು. ಮಸುಕಾದ ವಸ್ತುವಿಗೂ ವಸ್ತುವೇ ಇಲ್ಲದ ಮಸುಕಿಗೂ ಇರುವ ಭೇದ ಇದೇ.

ತಿಳಿದವರೂ ಇಂತಹ ಗುರುತುಗಳಿಂದಲೇ ಸುಳ್ಳನ್ನು ಪತ್ತೆ ಮಾಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿಯಾಗಿದ್ದ ರೆನೆ ಡಿರೆಸ್ಟಾ ಅವರಿಗೆ ಉದ್ಯೋಗಸಂಬಂಧದ ಲಿಂಕ್ಡ್‌ಇನ್ ತಾಣದಲ್ಲಿ ಅಪರಿಚಿತಳೊಬ್ಬಳಿಂದ ಸಂದೇಶ ಬಂದಿತು. ಅವಳ ಕಣ್ಣುಗಳು ಚಿತ್ರದ ನಟ್ಟನಡುವೆ ಇದ್ದವು, ಒಂದೇ ಕಿವಿಯಲ್ಲಿ ಓಲೆಯಿತ್ತು, ಕೂದಲಿನ ಎಳೆಗಳು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಆ ಸಂಶಯದ ಬೆನ್ನು ಹತ್ತಿದ ಡಿರೆಸ್ಟಾ ಮತ್ತು ಅವರ ಸಹೋದ್ಯೋಗಿ ಜೋಶ್ ಗೋಲ್ಡ್‌ಸ್ಟೈನ್ ಅವರಿಗೆ ಕೃತಕ ಮುಖವುಳ್ಳವೆಂದು ತೋರಿದ 1,000ಕ್ಕೂ ಹೆಚ್ಚು ಖಾತೆಗಳು ದೊರೆತವು. ಇದು 2022ರ ಮಾರ್ಚಿನಲ್ಲಿ ಹೊರಬಿದ್ದ ಸುದ್ದಿ.

ಇಷ್ಟಾದರೂ ಈ ಗುರುತುಗಳಿಗೆ ಮಿತಿಯುಂಟು. ಮೋಸಗಾರನು ಚಿತ್ರದ ಒಂದು ಬದಿಯನ್ನು ಕತ್ತರಿಸಿದರೆ ಕಣ್ಣಿನ ಸ್ಥಾನ ಪಲ್ಲಟವಾಗುತ್ತದೆ. ಆಗ ಹಿನ್ನೆಲೆಯೊಂದೇ ಆಧಾರ. ಬರೆದು ಕೊಟ್ಟ ವರ್ಣನೆಯಿಂದ ಚಿತ್ರ ರಚಿಸುವ ಈಚಿನ ಬೇರೆ ಬಗೆಯ ಯಂತ್ರಗಳಿಗೆ ಈ ಅಚ್ಚುಕಾಗದದ ಕಟ್ಟುಪಾಡೇ ಇಲ್ಲ. ಅವು ಕಣ್ಣನ್ನು ಎಲ್ಲಿ ಬೇಕಾದರೂ ಇಡುತ್ತವೆ, ಹಿನ್ನೆಲೆಯನ್ನೂ ಚೆನ್ನಾಗಿ ಬರೆಯುತ್ತವೆ. ಬೇರೆಯವರ ನಿಜವಾದ ಭಾವಚಿತ್ರವನ್ನೇ ಕದ್ದು ಹಾಕಿಕೊಂಡರೆ ಎರಡು ಗುರುತುಗಳೂ ಮೌನವಾಗುತ್ತವೆ. ಆದುದರಿಂದ ಗುರುತು ಕಾಣದಿದ್ದರೆ ಮನುಷ್ಯ ನಿಜವೆಂದು ತಿಳಿಯಬಾರದು.

ಗುರುತು ಕಂಡೊಡನೆ ಸುಳ್ಳೆಂದು ಕೂಗುವುದೂ ಸಲ್ಲದು. ಪರೀಕ್ಷೆಯ ದಿನ ಮಕ್ಕಳು ಉತ್ಸಾಹದಿಂದ ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಭಾವಚಿತ್ರವನ್ನು ಅಳೆದು, "ಸರ್, ಬಾಯಿಯವರ ಚಿತ್ರಾನೂ ಸುಳ್ಳು!" ಎಂದು ನಕ್ಕರು. ಸ್ಟುಡಿಯೋದಲ್ಲಿ ತೆಗೆದ ಆ ಚಿತ್ರದಲ್ಲಿ ಕಣ್ಣುಗಳ ಸಾಲು ಹೆಚ್ಚುಕಡಮೆ ನಡುವಿನಲ್ಲಿಯೇ ಇತ್ತು, ಹಿಂದೆ ಮಸುಕಾದ ನೀಲಿ ಪರದೆಯಿತ್ತು. ಮತ್ತೆ ಅಳೆಯಲು ಹೇಳಿದೆವು. ಮುಖ ನೇರವಾಗಿದ್ದರೂ ಕಣ್ಣುಗಳ ನಡುವಣ ಅಂತರ 2.5 ಸೆಂಟಿಮೀಟರಿಗೆ ಬದಲಾಗಿ 1.6 ಇತ್ತು, ಪರದೆಯ ನೆರಿಗೆಗಳು ಎರಡು ಬದಿಯಲ್ಲಿಯೂ ಒಂದೇ ತೆರನಾಗಿ ಇಳಿದಿದ್ದವು. ಒಂದೇ ಅಳತೆಯನ್ನು ನೋಡಿ ನಿಲ್ಲಿಸಿದ್ದರೆ ಎದುರಿಗಿರುವವರನ್ನೇ ಇಲ್ಲದವರೆಂದು ಸಾರಿಬಿಡುತ್ತಿದ್ದೆವು.

ಹಾಗೆಂದೇ ಆ ತಂದೆಯವರಿಗೆ ನಾವು "ಇವಳು ಸುಳ್ಳು" ಎಂದು ಹೇಳಲಿಲ್ಲ. ಚಿತ್ರ ಯಂತ್ರದ್ದೆಂಬ ಸಂಶಯ ಬಲವಾಗಿದೆ, ಹಣ ಕಳುಹಿಸುವ ಮೊದಲು ಕಚೇರಿಯ ವಿಳಾಸ ಕೇಳಿ, ಸೂರತ್ತಿನಲ್ಲಿರುವ ನಿಮ್ಮ ಸಂಬಂಧಿಕರು ಅಲ್ಲಿಗೆ ಹೋಗಿ ನೋಡಿಬರಲಿ ಎಂದೆವು. ಅವರು ಹಾಗೆಯೇ ಬರೆದರು. ವಿಳಾಸ ಬರಲಿಲ್ಲ, ಮರುದಿನ ಆ ಖಾತೆಯೂ ಇರಲಿಲ್ಲ. ಎರಡು ಸಾವಿರ ರೂಪಾಯಿ ಮನೆಯಲ್ಲಿಯೇ ಉಳಿಯಿತು. ಚುಕ್ಕೆಗಳಿರುವ ಆ ಬಟರ್ ಪೇಪರು ಈಗಲೂ ಒಂಬತ್ತನೆಯ ತರಗತಿಯ ಗೋಡೆಯ ಮೇಲಿದೆ. ನೋಡಬಯಸುವವರು ಬಂದು ನೋಡಬಹುದು.